ದೋಸೆಗೆ ಬೀಡು, ಸಾರಿಗೆ ಸ್ಟೀಲು

ಹೊಸ ಬೀಡಿನ ಹೆಂಚಿನ ಮೇಲೆ ನಾನು ಹುಯ್ದ ಮೊದಲ ದೋಸೆ ಏಳಲೇ ಇಲ್ಲ. ಎರಡನೆಯದು ಅರ್ಧಕ್ಕೇ ಹರಿಯಿತು. ಅದೇ ಹಿಟ್ಟನ್ನು ನಾನ್‌ಸ್ಟಿಕ್ ತವಾದ ಮೇಲೆ ಹುಯ್ದರೆ ಎಣ್ಣೆ ಇಲ್ಲದೆಯೂ ಎದ್ದು ಬಂತು, ಆದರೆ ಬಿಳಿಚಿಕೊಂಡಿತ್ತು, ಗರಿಗರಿ ಇರಲಿಲ್ಲ. ಹಿಟ್ಟೂ ಅದೇ, ಒಲೆಯೂ ಅದೇ.

ಒಂದು ಸೌಟು ಹಿಟ್ಟೆಂದರೆ ಬಹುಪಾಲು ನೀರು. ಅದು ಬಿದ್ದ ಕೂಡಲೇ ಕಾವಲಿಯ ಶಾಖವನ್ನು ಹೀರುತ್ತದೆ. ಎರಡೂವರೆ ಕಿಲೋ ತೂಕದ ಬೀಡಿನ ಹೆಂಚು ಆಗ 20 ಡಿಗ್ರಿ ತಣಿದರೆ, ಅಷ್ಟೇ ಶಾಖ ಕಳೆದುಕೊಂಡ ಅರ್ಧ ಕಿಲೋದ ಅಲ್ಯೂಮಿನಿಯಂ ತವಾ ಸುಮಾರು 50 ಡಿಗ್ರಿ ತಣಿಯುತ್ತದೆ. ನಾನ್‌ಸ್ಟಿಕ್ ತವಾಗಳ ಒಳಗಿರುವುದು ಸಾಮಾನ್ಯವಾಗಿ ಈ ಹಗುರ ಅಲ್ಯೂಮಿನಿಯಮ್ಮೇ. ದೋಸೆ ಕೆಂಪಗಾಗದಿರಲು ಕಾರಣ ಇದು. ಬೀಡು ಕಾಯುವುದು ನಿಧಾನ, ಆದರೆ ಒಮ್ಮೆ ಕಾದರೆ ಬಿಟ್ಟುಕೊಡುವುದಿಲ್ಲ.

ಹಾಗಾದರೆ ನನ್ನ ದೋಸೆ ಏಕೆ ಅಂಟಿತು? ಹೆಂಚು ಪಳಗಿರಲಿಲ್ಲ. ಪಳಗಿಸುವುದೆಂದರೆ ಎಣ್ಣೆ ಕುಡಿಸುವುದು ಎಂದುಕೊಂಡು ನಾನು ಧಾರಾಳವಾಗಿ ಸುರಿದಿದ್ದೆ. ಅದು ಅಂಟಂಟಾಗಿ, ಕಲೆಕಲೆಯಾಗಿ ಕೂತಿತು. ನಿಜವಾಗಿ ಆಗಬೇಕಾದದ್ದು ಬೇರೆ: ತೆಳ್ಳಗಿನ ಎಣ್ಣೆ ಪದರ ಶಾಖಕ್ಕೆ ಗಟ್ಟಿಯಾಗಿ, ವಾರ್ನಿಷಿನ ಹಾಗೆ ಕಬ್ಬಿಣಕ್ಕೆ ಹತ್ತಿಕೊಳ್ಳಬೇಕು. ಮತ್ತೆ ಮೊದಲಿಂದ ಶುರುಮಾಡಿದೆ. ಸೋಪು ಹಾಕಿ ಉಜ್ಜಿ ತೊಳೆದು, ಒಲೆಯ ಮೇಲಿಟ್ಟು ಒಣಗಿಸಿದೆ. ನಾಲ್ಕೈದು ಹನಿ ಎಣ್ಣೆ ಸವರಿ, ಹಾಕಿದ್ದೇ ತಪ್ಪಾಯಿತೇನೋ ಎಂಬಂತೆ ಒಣಬಟ್ಟೆಯಿಂದ ಪೂರ್ತಿ ಒರೆಸಿದೆ. ಕಿಟಕಿ ತೆರೆದು, ಹೊಗೆಯಾಡಿ ನಿಲ್ಲುವವರೆಗೆ ಕಾಯಿಸಿ ಆರಲು ಬಿಟ್ಟೆ. ಹೀಗೆ ಐದು ಸಲ. ಬೂದು ಬಣ್ಣ ಹೋಗಿ ಕಪ್ಪು ಹೊಳಪು ಬಂದ ಮೇಲೆ ಹುಯ್ದ ದೋಸೆಯ ಅಂಚು ತಾನಾಗಿಯೇ ಎದ್ದಿತು. ಬೆರಳಿಗೆ ಅಂಟಿದರೆ ಎಣ್ಣೆ ಹೆಚ್ಚಾಗಿದೆ ಎಂದೇ ಲೆಕ್ಕ. ದೋಸೆ ಹೆಂಚಿನಲ್ಲಿ ಚಪಾತಿ ಬೇಯಿಸಬಾರದು ಎಂಬ ಹಿರಿಯರ ಮಾತಿಗೂ ಇಲ್ಲೇ ಅರ್ಥವಿದೆ: ಉದುರಿದ ಒಣಹಿಟ್ಟು ಸೀದು, ಹೆಚ್ಚಿನ ಉರಿಗೆ ಈ ಪದರ ಕಿತ್ತುಹೋಗುತ್ತದೆ.

ಇದೇ ಬೀಡಿನ ಬಾಣಲೆಯಲ್ಲಿ ಹುಣಸೆ ಗೊಜ್ಜು ಕುದಿಸಿದರೆ ಮಾತ್ರ ಕೆಟ್ಟಿತು. ಹುಳಿ ಆ ಪದರವನ್ನು ತಿಂದು ಕಬ್ಬಿಣಕ್ಕೆ ಇಳಿಯುತ್ತದೆ, ಗೊಜ್ಜಿಗೆ ಲೋಹದ ರುಚಿ ಬರುತ್ತದೆ. ಬಾಳೆಕಾಯಿ, ಬದನೆಕಾಯಿ ಪಲ್ಯ ಕಪ್ಪಾಗುವುದೂ ಇದರಲ್ಲೇ. ಅವುಗಳ ಒಗರು ಕಬ್ಬಿಣದೊಂದಿಗೆ ಸೇರಿದಾಗ ಆಗುವುದು ಹಳೆಯ ಕಾಲದ ಮಸಿಯ ರಸಾಯನವೇ. ವಿಷವಲ್ಲ, ನೋಡಲು ಚೆನ್ನಾಗಿರುವುದಿಲ್ಲ ಅಷ್ಟೆ.

ಸಾರು, ಹುಳಿ, ಟೊಮೆಟೊ ಗೊಜ್ಜಿಗೆ ಸ್ಟೀಲೇ ಸರಿ. ಪಾತ್ರೆಯ ಮೇಲೆ 18/8 ಎಂದಿದ್ದರೆ ಅದರಲ್ಲಿ ಶೇಕಡಾ 18 ಕ್ರೋಮಿಯಂ, 8 ನಿಕಲ್ ಇದೆ ಎಂದರ್ಥ. ಆ ಕ್ರೋಮಿಯಂ ಕಣ್ಣಿಗೆ ಕಾಣದ ಪೊರೆ ಕಟ್ಟಿ ಹುಳಿಯನ್ನು ತಡೆಯುತ್ತದೆ. ಸ್ಟೀಲಿನ ದೋಷ ಶಾಖ ಹರಡದಿರುವುದು. ಅಲ್ಯೂಮಿನಿಯಂ ಅದಕ್ಕಿಂತ ಸುಮಾರು 15 ಪಟ್ಟು ಚೆನ್ನಾಗಿ ಹರಡುತ್ತದೆ. ತೆಳು ಸ್ಟೀಲಿನಲ್ಲಿ ಪಾಯಸ ಮಾಡಿದವರಿಗೆ ಉರಿ ತಾಗಿದ ಕಡೆಯಷ್ಟೇ ಉಂಗುರದ ಹಾಗೆ ತಳ ಹಿಡಿಯುವುದು ಗೊತ್ತು. ಎರಡು ಸ್ಟೀಲಿನ ಹಾಳೆಗಳ ನಡುವೆ ಅಲ್ಯೂಮಿನಿಯಂ ಇಟ್ಟ ಟ್ರೈಪ್ಲೈ ಪಾತ್ರೆಗಳು ಹುಟ್ಟಿದ್ದು ಇದಕ್ಕೇ. ಬೆಲೆ ಜಾಸ್ತಿ, ಆದರೆ ಕೊಟ್ಟ ದುಡ್ಡಿಗೆ ಮೋಸವಿಲ್ಲ.

ಬರೀ ಅಲ್ಯೂಮಿನಿಯಂ ಹುಳಿಗೆ ಕರಗುತ್ತದೆ. ಕುಕ್ಕರಿನ ತಳದಲ್ಲಿ ನೀರು, ಒಳಗೆ ಸ್ಟೀಲ್ ಡಬ್ಬಿಯಲ್ಲಿ ಅನ್ನ, ಬೇಳೆ ಇಟ್ಟರೆ ಚಿಂತೆಯಿಲ್ಲ. ಗುಜರಿ ಲೋಹ ಕರಗಿಸಿ ಎರಕ ಹೊಯ್ದ ಅಗ್ಗದ ಪಾತ್ರೆಗಳದು ಬೇರೆ ಕಥೆ, ಅವುಗಳಲ್ಲಿ ಸೀಸ ಸೇರಿರಬಹುದು. ನಾವು ಇಂಡಾಲಿಯಂ ಎನ್ನುವ ಬಗೆಯ ಕೆಲವು ಪಾತ್ರೆಗಳಿಂದ ಆಹಾರಕ್ಕೆ ಸೀಸ ಇಳಿಯಬಹುದು ಎಂದು ಅಮೆರಿಕದ ಆಹಾರ ಮತ್ತು ಔಷಧ ಆಡಳಿತ 2025ರ ಆಗಸ್ಟಿನಲ್ಲಿ ಎಚ್ಚರಿಸಿತು.

ನಾನ್‌ಸ್ಟಿಕ್ಕನ್ನು ನಾನು ಮೊಟ್ಟೆಗೆ, ನೀರ್‌ದೋಸೆಗೆ ಇಟ್ಟುಕೊಂಡಿದ್ದೇನೆ. ಅದರ ಲೇಪ ಸುಮಾರು 260 ಡಿಗ್ರಿ ದಾಟಿದರೆ ಹಾಳಾಗತೊಡಗುತ್ತದೆ. ಖಾಲಿ ತವಾವನ್ನು ದೊಡ್ಡ ಉರಿಯಲ್ಲಿಟ್ಟು ಫೋನಿಗೆ ಹೋದರೆ ಕೆಲವೇ ನಿಮಿಷಗಳಲ್ಲಿ ಆ ಶಾಖ ಬರುತ್ತದೆ. ಇನ್ನೂ ಕಾದರೆ ಏಳುವ ಹೊಗೆ ಮನೆಯ ಗಿಳಿಯನ್ನು ಕೊಲ್ಲುವಷ್ಟು ಕೆಟ್ಟದ್ದು. ಸಣ್ಣ ಉರಿ, ಮರದ ಸಟ್ಟುಗ ಸಾಕು. ಲೇಪ ಎದ್ದು ಒಳಗಿನ ಲೋಹ ಇಣುಕಿದ ತವಾ ನಿಮ್ಮಲ್ಲಿದ್ದರೆ ಇವತ್ತೇ ಗುಜರಿಗೆ ಹಾಕಿ.