ಬ್ಯಾಂಕ್ ಕೊಡುವ ಸಾಲ, ಮನೆ ಹೊರುವ ಸಾಲ

ಗೃಹಸಾಲ ಎಷ್ಟು ಸಿಗುತ್ತದೆ ಎಂದು ಕೇಳಿದರೆ ಬ್ಯಾಂಕಿನವರು ಹತ್ತು ನಿಮಿಷದಲ್ಲಿ ಹೇಳುತ್ತಾರೆ. ಎಷ್ಟು ಸಾಲವನ್ನು ನಾವು ತೀರಿಸಬಲ್ಲೆವು ಎಂಬುದನ್ನು ಮಾತ್ರ ನಾವೇ ಕೂತು ಲೆಕ್ಕ ಹಾಕಬೇಕು. ಈ ಎರಡು ಮೊತ್ತಗಳ ನಡುವೆ ಹತ್ತು ಹದಿನೈದು ಲಕ್ಷದ ಅಂತರ ಇರುವುದು ಅಪರೂಪವಲ್ಲ.

ಮೈಸೂರಿನಲ್ಲಿ ಗಂಡ ಹೆಂಡತಿ ಇಬ್ಬರೂ ದುಡಿಯುವ ಒಂದು ಸಂಸಾರವನ್ನು ಉದಾಹರಣೆಯಾಗಿ ಇಟ್ಟುಕೊಳ್ಳೋಣ. ಇಬ್ಬರ ಕೈಗೆ ಬರುವ ಸಂಬಳ ಸೇರಿ ತಿಂಗಳಿಗೆ 1,20,000 ರೂಪಾಯಿ. ಕಾರಿನ ಕಂತು 11,000, ಪರ್ಸನಲ್ ಲೋನಿನ ಕಂತು 7,000. ಕೂಡಿಟ್ಟ ಹಣ 20 ಲಕ್ಷ. ಮೊದಲೊಬ್ಬರು ವಾಸವಿದ್ದ ಹಳೆಯ ಮನೆಯೊಂದನ್ನು ಕೊಳ್ಳುವ ಆಸೆ.

ಇಂಥ ಆದಾಯಕ್ಕೆ ಬ್ಯಾಂಕುಗಳು ಸಾಮಾನ್ಯವಾಗಿ ಹೇಳುವುದು ಹೀಗೆ: ಎಲ್ಲ ಕಂತುಗಳೂ ಸೇರಿ ಆದಾಯದ ಅರ್ಧ ದಾಟಬಾರದು. ಅರ್ಧವೆಂದರೆ 60,000. ಅದರಲ್ಲಿ ಈಗಿನ 18,000 ಕಳೆದರೆ ಹೊಸ ಕಂತಿಗೆ 42,000 ಉಳಿಯಿತು. ಶೇ 8.5 ಬಡ್ಡಿಗೆ 20 ವರ್ಷದ ಅವಧಿಯಾದರೆ ಪ್ರತಿ ಲಕ್ಷ ಸಾಲಕ್ಕೆ ಸುಮಾರು 868 ರೂಪಾಯಿ ಕಂತು ಬೀಳುತ್ತದೆ. 42,000ವನ್ನು ಅದರಿಂದ ಭಾಗಿಸಿದರೆ 48 ಲಕ್ಷ. ಬ್ಯಾಂಕಿನ ಉತ್ತರ ಇದು.

ಈಗ ಅದೇ ಮನೆಯ ಖರ್ಚಿನ ಪುಸ್ತಕ ತೆರೆಯೋಣ. ದಿನಸಿ, ಶಾಲೆಯ ಫೀಸು, ಅಪ್ಪ ಅಮ್ಮನ ಔಷಧಿ, ವಿಮೆ, ಪೆಟ್ರೋಲು ಎಲ್ಲ ಸೇರಿ 62,000. ಮಕ್ಕಳ ಓದಿಗೆಂದು ಎತ್ತಿಡುವುದು 10,000. ಸ್ವಂತ ಮನೆಯ ಕಂದಾಯ, ರಿಪೇರಿಗೆ ತಿಂಗಳಿಗೆ 3,000 ಬೇಕೇ ಬೇಕು. ಹಳೆಯ ಕಂತುಗಳು 18,000. ಬಾಡಿಗೆ ನಿಲ್ಲುತ್ತದೆ, ಆದ್ದರಿಂದ ಅದನ್ನು ಬಿಟ್ಟಿದ್ದೇನೆ. ಉಳಿಯುವುದು 27,000 ಮಾತ್ರ. ಅಂದರೆ ಈ ಸಂಸಾರ ಹೊರಬಲ್ಲ ಸಾಲ 31 ಲಕ್ಷ. ಬ್ಯಾಂಕ್ ಹೇಳಿದ 48 ಲಕ್ಷವನ್ನೇ ತೆಗೆದುಕೊಂಡರೆ ಪ್ರತಿ ತಿಂಗಳೂ 15,000 ರೂಪಾಯಿ ಕೊರತೆ. ಅದನ್ನು ಕ್ರೆಡಿಟ್ ಕಾರ್ಡಿನಿಂದ ತುಂಬಲು ಹೊರಟರೆ ಹೊಸ ಸಾಲ ಹುಟ್ಟುತ್ತದೆ. ಚೀಟಿಯ ಕಂತು, ನೆಂಟರಿಂದ ತಂದ ಕೈಸಾಲ ಬ್ಯಾಂಕಿನ ಕಣ್ಣಿಗೆ ಬೀಳುವುದಿಲ್ಲ. ನಮ್ಮ ಲೆಕ್ಕದಲ್ಲಿ ಅವು ಇರಲೇಬೇಕು.

ಹಳೆಯ ಸಾಲದ ವಿಷಯದಲ್ಲಿ ಬಹಳ ಜನ ಗಮನಿಸದ ಒಂದು ಸಂಗತಿಯಿದೆ. ಆ ಪರ್ಸನಲ್ ಲೋನಿನಲ್ಲಿ ಇನ್ನು ಒಂದೂವರೆ ಲಕ್ಷ ಬಾಕಿ ಇದೆ ಎನ್ನೋಣ. ಉಳಿತಾಯದಿಂದ ಅದನ್ನು ಮೊದಲೇ ತೀರಿಸಿದರೆ ತಿಂಗಳಿಗೆ 7,000 ಬಿಡುಗಡೆಯಾಗುತ್ತದೆ. 7,000 ಎಂದರೆ 8 ಲಕ್ಷ ಗೃಹಸಾಲದ ಕಂತು. ಕೊನೆಯ ಹಂತದಲ್ಲಿರುವ ಸಣ್ಣ ಸಾಲಗಳನ್ನು ಮುಗಿಸಿಯೇ ಅರ್ಜಿ ಹಾಕುವುದು ಲಾಭ. ಈಗ ಕಂತಿಗೆ 34,000 ಸಿಕ್ಕಿತು.

ಆದರೆ ಗೃಹಸಾಲದ ಬಡ್ಡಿ ಹೆಚ್ಚಾಗಿ ಬದಲಾಗುವ ಬಡ್ಡಿ. 2022ರ ಮೇಯಿಂದ 2023ರ ಫೆಬ್ರುವರಿಯೊಳಗೆ ರಿಸರ್ವ್ ಬ್ಯಾಂಕ್ ರೆಪೊ ದರವನ್ನು ಶೇ 4ರಿಂದ 6.5ಕ್ಕೆ ಏರಿಸಿತ್ತು. ಹಾಗಾಗಿ ಬಡ್ಡಿ ಶೇ 10.5 ಆದರೂ ಕಟ್ಟಬಲ್ಲೆವೇ ಎಂದು ನೋಡಿಕೊಳ್ಳಬೇಕು. ಆಗ ಲಕ್ಷಕ್ಕೆ 998 ರೂಪಾಯಿ. 34,000ಕ್ಕೆ 34 ಲಕ್ಷ. ನನ್ನ ಮಟ್ಟಿಗೆ ಈ ಸಂಸಾರದ ಮಿತಿ ಇದೇ. ಇವತ್ತಿನ ಬಡ್ಡಿಯಲ್ಲಿ ಕಂತು 29,500 ಆಗುತ್ತದೆ, ಮಿಕ್ಕಿದ್ದು ರಕ್ಷಣೆಗೆ. ಅವಧಿಯನ್ನು 30 ವರ್ಷಕ್ಕೆ ಎಳೆದು ಸಾಲ ಹಿಗ್ಗಿಸುವ ಸಲಹೆ ಬರಬಹುದು. ನಿವೃತ್ತಿಯಾದ ಮೇಲೂ ಕಂತು ಉಳಿಯುವುದಾದರೆ ಅದು ಬೇಡ.

ಇನ್ನು ಕೈಯಲ್ಲಿರುವ ಹಣ. 30 ಲಕ್ಷ ಮೀರಿ 75 ಲಕ್ಷದವರೆಗಿನ ಸಾಲಕ್ಕೆ ಮನೆಯ ಬೆಲೆಯ ಶೇ 80ಕ್ಕಿಂತ ಹೆಚ್ಚು ಕೊಡಬಾರದೆಂದು ರಿಸರ್ವ್ ಬ್ಯಾಂಕ್ ನಿಯಮವಿದೆ. ಆ ಬೆಲೆಯಲ್ಲಿ ನೋಂದಣಿ ಖರ್ಚು ಸೇರುವುದಿಲ್ಲ, ಅದು ಪೂರ್ತಿ ನಮ್ಮ ಜೇಬಿನದು. ಕರ್ನಾಟಕದಲ್ಲಿ 2025ರ ಆಗಸ್ಟ್ ಕೊನೆಯಿಂದ ನೋಂದಣಿ ಶುಲ್ಕ ಶೇ 1ರಿಂದ 2ಕ್ಕೆ ಏರಿದೆ. ಶೇ 5ರ ಮುದ್ರಾಂಕ ಶುಲ್ಕ, ಅದರ ಮೇಲಿನ ಸೆಸ್, ಸರ್ಚಾರ್ಜ್ ಸೇರಿ ನಗರದಲ್ಲಿ ಸುಮಾರು ಶೇ 7.6 ಆಗುತ್ತದೆ.

ಸಾಲ ತೀರಿಸಿದ ಮೇಲೆ ಉಳಿದ 18.5 ಲಕ್ಷದಲ್ಲಿ 4 ಲಕ್ಷವನ್ನು ಆಸ್ಪತ್ರೆ, ಕೆಲಸ ಹೋಗುವಂಥ ಕಷ್ಟಕ್ಕೆಂದು ಮುಟ್ಟದೆ ಇಡೋಣ. ಮಿಕ್ಕ 14.5 ಲಕ್ಷ, ಸಾಲದ 34 ಲಕ್ಷ ಸೇರಿ 48.5 ಲಕ್ಷ. ಇದರಲ್ಲಿ ನೋಂದಣಿಗೆ ಮೂರೂವರೆ ಲಕ್ಷ ಹೋದರೆ ಮನೆಯ ಬೆಲೆಗೆ ಉಳಿಯುವುದು 45 ಲಕ್ಷ. 34 ಲಕ್ಷದ ಸಾಲ ಅದರ ಶೇ 80ರೊಳಗೇ ಇದೆ. ಮಾರುವವರು ಒಂದಷ್ಟು ಹಣವನ್ನು ಕರಾರಿನಲ್ಲಿ ಕಾಣಿಸದೆ ಕೇಳಿದರೆ ಒಪ್ಪಬೇಡಿ. ಅದಕ್ಕೆ ಬ್ಯಾಂಕ್ ಸಾಲ ಕೊಡುವುದಿಲ್ಲ, ಕೈಯಲ್ಲಿರುವ ಹಣವೆಲ್ಲ ಅಲ್ಲೇ ಕರಗುತ್ತದೆ.

ಮನೆ ಇಷ್ಟವಾದ ಮೇಲೆ ಈ ಲೆಕ್ಕ ಹಾಕಿದರೆ ಅಂಕಿಗಳು ತಾವಾಗಿ ಹಿಗ್ಗತೊಡಗುತ್ತವೆ. ಮುಂಗಡ ಕೊಡುವುದಿರಲಿ, ಮನೆ ನೋಡಲು ಹೊರಡುವ ಮೊದಲೇ ಗಂಡ ಹೆಂಡತಿ ಇಬ್ಬರೂ ಕೂತು ಇದನ್ನು ಬರೆದಿಟ್ಟುಕೊಳ್ಳಿ.