ಸಪೋರ್ಟ್ ಕಿತ್ತ ಮೇಲೆ ಅಡಿಭಾಗ ಹೇಗೆ ಕಾಣುತ್ತದೆ?

ಥ್ರೀಡಿ ಪ್ರಿಂಟರ್ ಕರಗಿದ ಪ್ಲಾಸ್ಟಿಕ್ಕನ್ನು ಪದರ ಪದರವಾಗಿ ಕೆಳಗಿನಿಂದ ಮೇಲಕ್ಕೆ ಕೂರಿಸುತ್ತದೆ. ಗಣಪನ ಮೂರ್ತಿಯಲ್ಲಿ ಮುಂದೆ ಚಾಚಿದ ಕೈ ಬಂದಾಗ ಕೆಳಗೆ ಏನೂ ಇರುವುದಿಲ್ಲ, ಎಳೆ ಜೋತುಬೀಳುತ್ತದೆ. ಅದಕ್ಕೆ ಆಸರೆಯಾಗಿ ಪ್ರಿಂಟರೇ ಕಟ್ಟಿ, ಆಮೇಲೆ ನಾವು ಕಿತ್ತೆಸೆಯುವುದೇ ಸಪೋರ್ಟ್. ನಾರ್ಮಲ್ ಸಪೋರ್ಟ್ ನೆಲದಿಂದ ನೇರವಾಗಿ ಏಳುವ ತೆಳು ಗೋಡೆಗಳ ಜಾಲ. ಟ್ರೀ ಸಪೋರ್ಟ್ ಪಕ್ಕದಲ್ಲೆಲ್ಲೋ ಬುಡ ಊರಿ, ಕೊಂಬೆ ಚಾಚಿ, ಬೇಕಾದ ಕಡೆ ಮಾತ್ರ ಮುಟ್ಟುತ್ತದೆ.

ಗಣಪನಿಗೆ ಟ್ರೀ ಸರಿ. ನಾರ್ಮಲ್ ಹಾಕಿದರೆ ಕೈಯ ಕೆಳಗಿನ ಗೋಡೆ ಹೊಟ್ಟೆಯ ಮೇಲೋ ಮಡಿಲಿನಲ್ಲೋ ನಿಂತು ಅಲ್ಲೂ ಕಲೆ ಉಳಿಸುತ್ತದೆ. ಕೊಂಬೆಯಾದರೆ ಹೊಟ್ಟೆಯನ್ನು ಬಳಸಿಕೊಂಡು ಹೋಗುತ್ತದೆ, ಪ್ಲಾಸ್ಟಿಕ್ಕೂ ಸಾಮಾನ್ಯವಾಗಿ ಕಡಿಮೆ ಸಾಕು. ಆದರೆ ಮಾದರಿ ಮನೆಯೊಂದರ ಪೋರ್ಟಿಕೊ ತೆಗೆದುಕೊಳ್ಳಿ: ಆರು ಸೆಂಟಿಮೀಟರ್ ಅಗಲದ ಚಪ್ಪಟೆ ಚಾವಣಿ. ಇಲ್ಲಿ ನಾನು ನಾರ್ಮಲ್ಲನ್ನೇ ಆರಿಸುತ್ತೇನೆ. ಅದು ಚಾವಣಿಯ ಇಡೀ ಅಡಿಗೆ ಸಮನಾಗಿ ಒದಗುತ್ತದೆ. ಕೊಂಬೆಗಳ ತುದಿ ವಿರಳವಾದರೆ ನಡುನಡುವೆ ಎಳೆ ತಗ್ಗುತ್ತದೆ. ಎತ್ತರದ ತೆಳು ಕೊಂಬೆಗೆ ನಾಜಲ್ ತಾಗಿ ಉರುಳುವ ಭಯವೂ ಉಂಟು.

ಅಡಿಭಾಗದ ಅಂದವನ್ನು ನಿಜವಾಗಿ ತೀರ್ಮಾನಿಸುವುದು ಮಾತ್ರ ಇವೆರಡರ ಆಯ್ಕೆಯಲ್ಲ, ಸಪೋರ್ಟಿನ ನೆತ್ತಿಗೂ ವಸ್ತುವಿಗೂ ನಡುವೆ ಬಿಡುವ ಸಂದು. OrcaSlicer ತಂತ್ರಾಂಶದಲ್ಲಿ ಅದರ ಹೆಸರು Top Z distance. ಪಿಎಲ್‌ಎ ಪ್ಲಾಸ್ಟಿಕ್, 0.2 ಮಿ.ಮೀ. ಪದರ ಎಂದಾದರೆ ಸಂದನ್ನೂ 0.2ರಿಂದ ಶುರುಮಾಡಿ. ಸಂದು ಸಾಲದಿದ್ದರೆ ಬಿಸಿ ಎಳೆ ಸಪೋರ್ಟಿಗೇ ಬೆಸೆದುಕೊಳ್ಳುತ್ತದೆ. ಇಕ್ಕಳದಲ್ಲಿ ಎಳೆದಾಗ ಚೂರುಗಳು ಅಲ್ಲೇ ಉಳಿಯುತ್ತವೆ, ಜಾಗ ಬೆಳ್ಳಗಾಗುತ್ತದೆ. ಸಂದು ಹೆಚ್ಚಾದರೆ ಸಪೋರ್ಟ್ ಕೈಗೇ ಬಿಟ್ಟು ಬರುತ್ತದೆ, ಆದರೆ ಅಡಿಯಲ್ಲಿ ಶಾವಿಗೆಯಂತೆ ಬಿಡಿಬಿಡಿ ಎಳೆಗಳು ಜೋಲುತ್ತವೆ. ಯಾವ ಕಡೆಗೆ ತಪ್ಪಿದೆ ಎಂದು ನೋಡಿ, 0.04 ಮಿ.ಮೀ.ನಷ್ಟು ಬದಲಿಸಿ, ಪೋರ್ಟಿಕೊದ ಒಂದು ತುಂಡನ್ನಷ್ಟೇ ಮತ್ತೆ ಅಚ್ಚು ಹಾಕಿ.

ಎರಡನೆಯದು ಇಂಟರ್‌ಫೇಸ್, ಅಂದರೆ ಸಪೋರ್ಟಿನ ನೆತ್ತಿಯ ಮೇಲಿನ ಒತ್ತು ಪದರಗಳು. Top interface layers ಮೂರಿಟ್ಟು, Top interface spacing 0.2ಕ್ಕೆ ಇಳಿಸಿದರೆ ಚಾವಣಿಗೆ ಹೆಚ್ಚುಕಡಿಮೆ ಹಲಗೆಯೇ ಸಿಗುತ್ತದೆ. ಆದರೆ ಒತ್ತಾದಷ್ಟೂ ಅಂಟುವ ಜಾಗ ಹೆಚ್ಚು, ಹಾಗಾಗಿ ಸಂದನ್ನು ಮರೆತು ಇದೊಂದನ್ನೇ ಬಿಗಿ ಮಾಡಬಾರದು. ಕೊಂಬೆಯ ತುದಿಗೂ ಇದೇ ಮಾತು.

ಎರಡು ಬಗೆಯ ಪ್ಲಾಸ್ಟಿಕ್ ಬಳಸಬಲ್ಲ ಪ್ರಿಂಟರ್ ಇದ್ದರೆ ಈ ಹಗ್ಗಜಗ್ಗಾಟವೇ ಇಲ್ಲ. ಪಿಎಲ್‌ಎಗೂ ಪಿಇಟಿಜಿಗೂ ಸರಿಯಾಗಿ ಅಂಟುವುದಿಲ್ಲ. ಮನೆಯನ್ನು ಪಿಎಲ್‌ಎಯಲ್ಲಿ, ಇಂಟರ್‌ಫೇಸನ್ನು ಮಾತ್ರ ಪಿಇಟಿಜಿಯಲ್ಲಿ ಹಾಕಿ, ಸಂದು ಮತ್ತು spacing ಎರಡನ್ನೂ ಸೊನ್ನೆ ಮಾಡಬಹುದು. ಚಾವಣಿಯ ಅಡಿ ನುಣುಪಾಗಿ ಬರುತ್ತದೆ. ಒಂದೇ ನಾಜಲ್ಲಿನ ಪ್ರಿಂಟರಾದರೆ ಪ್ರತಿ ಬದಲಾವಣೆಗೂ ಹಳೆಯ ಪ್ಲಾಸ್ಟಿಕ್ಕನ್ನು ಹೊರಹಾಕಬೇಕು, ಸಮಯವೂ ಸರಕೂ ಖರ್ಚು. ಕಣ್ಣಿಗೆ ಬೀಳದ ಅಡಿಭಾಗಕ್ಕೆ ಇಷ್ಟೆಲ್ಲ ಮಾಡುವುದು ದಂಡ.