ಬಿಲ್ ತಿದ್ದಿದರೆ ಸಾಲದು, ರಿಟರ್ನ್ ಕೂಡ ತಿದ್ದಬೇಕು

ದಾವಣಗೆರೆಯ ಒಂದು ಮುದ್ರಣಾಲಯವನ್ನು ಉದಾಹರಣೆಯಾಗಿ ಇಟ್ಟುಕೊಳ್ಳೋಣ. ಅಪ್ಪನೊಬ್ಬರ ಹೆಸರಿನಲ್ಲಿದ್ದ ವ್ಯವಹಾರ 2025ರ ಏಪ್ರಿಲ್‌ನಲ್ಲಿ ಅಪ್ಪ-ಮಗನ ಪಾಲುದಾರಿಕೆಯಾಯಿತು. ಬೋರ್ಡು ಬದಲಾಗಲಿಲ್ಲ, ಹೆಸರೂ ಬದಲಾಗಲಿಲ್ಲ. ಆದರೆ ಪಾಲುದಾರಿಕೆಗೆ ಹೊಸ ಪ್ಯಾನ್ ಬಂತು, ಅದರ ಹಿಂದೆಯೇ ಹೊಸ ಜಿಎಸ್‌ಟಿ ನಂಬರೂ ಬಂತು. ಆಗಸ್ಟ್ 20ರಂದು ಬೆಂಗಳೂರಿನ ಹಳೆಯ ಪರಿಚಯದ ವ್ಯಾಪಾರಿಯಿಂದ ಕಾಗದ ಕತ್ತರಿಸುವ ಯಂತ್ರ ತರಿಸಿದರು. ಬೆಲೆ 2 ಲಕ್ಷ ರೂಪಾಯಿ, ಅದರ ಮೇಲೆ ಶೇ 18ರಂತೆ ತೆರಿಗೆ 36,000. ವ್ಯಾಪಾರಿಯ ಕಂಪ್ಯೂಟರಿನಲ್ಲಿ ಇವರ ಹೆಸರು ಒತ್ತಿದ ಕೂಡಲೇ ಹಳೆಯ ನಂಬರ್ ತಾನಾಗಿ ಬಂದು ಬಿಲ್ಲಿನ ಮೇಲೆ ಕೂತಿತು.

ಆ 36,000 ರೂಪಾಯಿ ಸಣ್ಣ ಮಾತಲ್ಲ. ಮುದ್ರಣಾಲಯ ತನ್ನ ಗ್ರಾಹಕರಿಂದ ಆ ತಿಂಗಳು 50,000 ರೂಪಾಯಿ ಜಿಎಸ್‌ಟಿ ವಸೂಲು ಮಾಡಿದ್ದರೆ, ಯಂತ್ರದ ಮೇಲೆ ಈಗಾಗಲೇ ಕೊಟ್ಟ 36,000ವನ್ನು ಅದರಲ್ಲಿ ಕಳೆದುಕೊಂಡು 14,000 ಕಟ್ಟಿದರೆ ಸಾಕು. ಹೀಗೆ ಕಳೆದುಕೊಳ್ಳುವುದೇ ಇನ್‌ಪುಟ್ ಕ್ರೆಡಿಟ್. ಬಿಲ್ಲಿನ ನಂಬರ್ ತಪ್ಪಾಗಿದ್ದರೆ ಪೂರ್ತಿ 50,000 ಕಟ್ಟಬೇಕು. ಯಂತ್ರ ಬಂದಿದೆ, ದುಡ್ಡು ಕೊಟ್ಟಾಗಿದೆ, ವ್ಯಾಪಾರಿ ಸರ್ಕಾರಕ್ಕೆ ತೆರಿಗೆಯನ್ನೂ ಕಟ್ಟಿದ್ದಾನೆ. ಆದರೂ ಕ್ರೆಡಿಟ್ ಮಾತ್ರ ಸಿಗುವುದಿಲ್ಲ.

ಅಪ್ಪನ ನಂಬರ್ ತಾನೇ, ಒಂದೇ ಮನೆಯಲ್ಲವೇ ಎಂದು ಹಲವರು ಕೇಳುತ್ತಾರೆ. ಕಾನೂನಿನ ಲೆಕ್ಕದಲ್ಲಿ ಅಪ್ಪ ಬೇರೆ, ಪಾಲುದಾರಿಕೆ ಬೇರೆ. ಇದನ್ನು ನಂಬರಿನಲ್ಲೇ ಗುರುತಿಸಬಹುದು. ಜಿಎಸ್‌ಟಿ ನಂಬರಿನಲ್ಲಿ 15 ಅಕ್ಷರ-ಅಂಕಿಗಳಿರುತ್ತವೆ. ಮೊದಲ ಎರಡು ರಾಜ್ಯದ ಸಂಕೇತ, ಕರ್ನಾಟಕಕ್ಕೆ 29. ಮುಂದಿನ ಹತ್ತು ಪ್ಯಾನ್. ಪ್ಯಾನಿನ ನಾಲ್ಕನೆಯ ಅಕ್ಷರ, ಅಂದರೆ ಜಿಎಸ್‌ಟಿ ನಂಬರಿನ ಆರನೆಯ ಸ್ಥಾನದ್ದು, ಮಾಲೀಕ ಯಾರೆಂದು ಹೇಳುತ್ತದೆ: ವ್ಯಕ್ತಿಗೆ P, ಪಾಲುದಾರಿಕೆಗೆ F, ಕಂಪನಿಗೆ C. ಹದಿನೈದನ್ನೂ ಓದಲು ಪುರುಸೊತ್ತಿಲ್ಲದವರು ಬಿಲ್ ಬಂದಾಗ ಆರನೆಯ ಅಕ್ಷರವೊಂದನ್ನು ನೋಡಿದರೂ ಇಂಥ ತಪ್ಪು ಅಲ್ಲೇ ಸಿಕ್ಕಿಬೀಳುತ್ತದೆ. ನಂಬರಿನ ಕೊನೆಯ ಅಕ್ಷರ ತಾಳೆ ನೋಡುವುದಕ್ಕೆಂದೇ ಇರುವುದರಿಂದ, ಕೈತಪ್ಪಿ ಒಂದು ಅಂಕಿ ಬದಲಾದರೆ ಸಾಮಾನ್ಯವಾಗಿ ಪೋರ್ಟಲ್ಲೇ ತಿರಸ್ಕರಿಸುತ್ತದೆ. ತೊಂದರೆ ಕೊಡುವುದು ಸರಿಯಾಗಿಯೇ ಇದ್ದು, ನಮ್ಮದಲ್ಲದ ನಂಬರ್.

ಈ ತಪ್ಪು ಬಿಲ್ಲಿನ ಕಾಗದದ ಮೇಲಷ್ಟೇ ನಿಲ್ಲುವುದಿಲ್ಲ. ವ್ಯಾಪಾರಿ ತನ್ನ ಆಗಸ್ಟ್ ತಿಂಗಳ ಮಾರಾಟದ ವಿವರವನ್ನು ಸೆಪ್ಟೆಂಬರ್ 11ರೊಳಗೆ ಜಿಎಸ್‌ಟಿಆರ್-1 ಎಂಬ ರಿಟರ್ನ್‌ನಲ್ಲಿ ಸಲ್ಲಿಸುತ್ತಾನೆ. ಅದರ ಆಧಾರದ ಮೇಲೆ 14ರಂದು ಪೋರ್ಟಲ್ ಪ್ರತಿ ಖರೀದಿದಾರನಿಗೂ 2ಬಿ ಎಂಬ ಪಟ್ಟಿ ತಯಾರಿಸುತ್ತದೆ. 2022ರ ಜನವರಿಯಿಂದ ಕಾನೂನು ಸ್ಪಷ್ಟವಾಗಿದೆ: ಈ ಹಾದಿಯಲ್ಲಿ ನಮ್ಮ ಖಾತೆಗೆ ಬಂದ ಬಿಲ್ಲಿಗೆ ಮಾತ್ರ ಕ್ರೆಡಿಟ್. ದಾವಣಗೆರೆಯ ಲೆಕ್ಕಿಗರು 2ಬಿ ತೆಗೆದು ನೋಡಿದಾಗ ಯಂತ್ರದ ಬಿಲ್ ಅಲ್ಲಿರಲಿಲ್ಲ. ಅದು ಅಪ್ಪನ ಹಳೆಯ ಖಾತೆಗೆ ಹೋಗಿತ್ತು.

ಫೋನ್ ಮಾಡಿದರೆ ವ್ಯಾಪಾರಿ ಸಾಮಾನ್ಯವಾಗಿ ಒಳ್ಳೆಯ ಮನಸ್ಸಿನಿಂದಲೇ ಹೇಳುತ್ತಾನೆ: “ಅದಕ್ಕೇನ್ ಸಾರ್, ಈಗ್ಲೇ ತಿದ್ದಿ ವಾಟ್ಸ್‌ಆಪ್ ಮಾಡ್ತೀನಿ.” ಹತ್ತು ನಿಮಿಷದಲ್ಲಿ ಸರಿಯಾದ ನಂಬರಿನ ಬಿಲ್ ಬಂದೇ ಬಿಡುತ್ತದೆ. ಎಷ್ಟೋ ಅಂಗಡಿಗಳವರು ಅದನ್ನು ಫೈಲಿಗೆ ಸೇರಿಸಿ ಕೆಲಸ ಮುಗಿಯಿತೆಂದುಕೊಳ್ಳುತ್ತಾರೆ. ಆದರೆ ತಿದ್ದಿದ್ದು ಕಾಗದ ಮಾತ್ರ. ರಿಟರ್ನ್‌ನಲ್ಲಿ ಹಳೆಯ ನಂಬರೇ ಇದ್ದರೆ ಮುಂದಿನ ತಿಂಗಳ 2ಬಿಯಲ್ಲೂ ಆ ಬಿಲ್ ಕಾಣುವುದಿಲ್ಲ. ಆದ್ದರಿಂದ ಬಿಲ್ಲನ್ನೂ ಕೇಳಬೇಕು, ರಿಟರ್ನ್ ತಿದ್ದುಪಡಿಯನ್ನೂ ಕೇಳಬೇಕು, ಅದೂ ಬರಹದಲ್ಲಿ. ಪತ್ರ ಹೀಗಿದ್ದರೆ ಸಾಕು:

“ಮಾನ್ಯರೇ, ದಿನಾಂಕ 20-08-2025ರ ನಿಮ್ಮ ಬಿಲ್ಲಿನಲ್ಲಿ (ಬಿಲ್ ಸಂಖ್ಯೆ ___, ಒಟ್ಟು 2,36,000 ರೂ., ಅದರಲ್ಲಿ ತೆರಿಗೆ 36,000 ರೂ.) ನಮ್ಮ ಹಳೆಯ ಜಿಎಸ್‌ಟಿ ನಂಬರ್ ನಮೂದಾಗಿದೆ. ನಮ್ಮ ಈಗಿನ ನಂಬರ್ ___. ನೋಂದಣಿ ಪ್ರಮಾಣಪತ್ರದ ಪ್ರತಿ ಲಗತ್ತಿಸಿದೆ. ದಯವಿಟ್ಟು ಸರಿಯಾದ ನಂಬರ್ ಹಾಕಿದ ಬಿಲ್ ಕೊಟ್ಟು, ನಿಮ್ಮ ಸೆಪ್ಟೆಂಬರ್ ತಿಂಗಳ ಜಿಎಸ್‌ಟಿಆರ್-1ರ ತಿದ್ದುಪಡಿ ಕೋಷ್ಟಕದಲ್ಲಿ ಇದನ್ನು ಸರಿಪಡಿಸಬೇಕೆಂದು ಕೋರುತ್ತೇವೆ. ಬಿಲ್ಲಿನ ಮೊತ್ತದಲ್ಲಾಗಲಿ ತೆರಿಗೆಯಲ್ಲಾಗಲಿ ಯಾವ ಬದಲಾವಣೆಯೂ ಇಲ್ಲ.”

ಕೊನೆಯ ವಾಕ್ಯವನ್ನು ಬಿಡಬಾರದು. ವ್ಯಾಪಾರಿ ಹಿಂದೆಮುಂದೆ ನೋಡುವುದು ಹೆಚ್ಚಾಗಿ ಒಂದೇ ಭಯಕ್ಕೆ: ಇದೇ ಮಾಲಿಗೆ ಎರಡನೇ ಸಲ ತೆರಿಗೆ ಕಟ್ಟಬೇಕಾಗುತ್ತದೋ ಏನೋ. ಆ ಭಯ ಸುಮ್ಮನೆ ಹುಟ್ಟಿದ್ದಲ್ಲ. ಹಳೆಯ ಬಿಲ್ಲನ್ನು ಹಾಗೇ ಬಿಟ್ಟು ಹೊಸ ಸಂಖ್ಯೆಯ ಇನ್ನೊಂದು ಬಿಲ್ ಹರಿದರೆ ಅವನ ಲೆಕ್ಕದಲ್ಲಿ ಎರಡು ಯಂತ್ರ ಮಾರಿದಂತೆ ಕಾಣುತ್ತದೆ, ಎರಡಕ್ಕೂ ತೆರಿಗೆ ಬೀಳುತ್ತದೆ. ತಿದ್ದುಪಡಿ ಕೋಷ್ಟಕದಲ್ಲಿ, ಅಂದರೆ 9ಎ ಎಂಬಲ್ಲಿ, ಮೂಲ ಬಿಲ್ಲಿನ ಸಂಖ್ಯೆ ಮತ್ತು ದಿನಾಂಕ ಕೊಟ್ಟು ಖರೀದಿದಾರನ ನಂಬರ್ ಮಾತ್ರ ಬದಲಾಯಿಸಿದರೆ ಮೊತ್ತ ಇದ್ದಲ್ಲೇ ಇರುತ್ತದೆ. 2024ರಲ್ಲಿ ಬಂದ ಜಿಎಸ್‌ಟಿಆರ್-1ಎ ಎಂಬ ನಮೂನೆಯಲ್ಲಿ ಅದೇ ತಿಂಗಳ ಹಲವು ತಪ್ಪುಗಳನ್ನು ತಿದ್ದಬಹುದಾದರೂ ಖರೀದಿದಾರನ ನಂಬರನ್ನು ತಿದ್ದಲು ಬರುವುದಿಲ್ಲ. ಅದಕ್ಕೆ ಮುಂದಿನ ಜಿಎಸ್‌ಟಿಆರ್-1ನ್ನೇ ಕಾಯಬೇಕು. ನಮ್ಮ ಉದಾಹರಣೆಯಲ್ಲಿ ವ್ಯಾಪಾರಿ ಅಕ್ಟೋಬರ್ 11ರೊಳಗೆ ತಿದ್ದಿ ಸಲ್ಲಿಸಿದರೆ 14ರ 2ಬಿಯಲ್ಲಿ ಬಿಲ್ ಸರಿಯಾದ ಖಾತೆಗೆ ಬರುತ್ತದೆ, 20ರೊಳಗೆ ಕಟ್ಟುವ ತೆರಿಗೆಯಲ್ಲಿ 36,000 ಕಳೆದುಕೊಳ್ಳಬಹುದು.

ಸೆಪ್ಟೆಂಬರ್ 11ಕ್ಕೆ ಮೊದಲೇ ತಪ್ಪು ಕಣ್ಣಿಗೆ ಬಿದ್ದಿದ್ದರೆ ಇಷ್ಟೆಲ್ಲ ಬೇಕಿರಲಿಲ್ಲ. ರಿಟರ್ನ್ ಹೋಗುವ ಮೊದಲು ವ್ಯಾಪಾರಿ ಹಳೆಯ ಬಿಲ್ ರದ್ದು ಮಾಡಿ ಹೊಸದು ಕೊಟ್ಟರೆ ಮುಗಿಯಿತು. ಆದರೆ ವರ್ಷಕ್ಕೆ 5 ಕೋಟಿ ಮೀರಿದ ವಹಿವಾಟಿನ ವ್ಯಾಪಾರಿಗಳದ್ದು ಇ-ಇನ್‌ವಾಯ್ಸ್. ಅದನ್ನು ತಿದ್ದುವಂತಿಲ್ಲ, 24 ಗಂಟೆಯೊಳಗೆ ರದ್ದು ಮಾಡಬಹುದು ಅಷ್ಟೆ. ರದ್ದಾದ ಬಿಲ್ಲಿನ ಸಂಖ್ಯೆಯನ್ನು ಮತ್ತೆ ಬಳಸಲೂ ಬರುವುದಿಲ್ಲ. ದೊಡ್ಡ ಅಂಗಡಿಯಿಂದ ತಂದ ಮಾಲಿನ ಬಿಲ್ಲನ್ನು ಲಾರಿ ಬಂದ ದಿನವೇ ಓದಬೇಕು ಎನ್ನುವುದು ಇದಕ್ಕೇ.

ಬಿಲ್ಲಿನಲ್ಲಿ ನಂಬರೇ ಇಲ್ಲದಿದ್ದರೆ ದಾರಿ ಸ್ವಲ್ಪ ಬೇರೆ. ಅಂಥ ಮಾರಾಟ ನೋಂದಣಿ ಇಲ್ಲದ ಗಿರಾಕಿಗಳ ಒಟ್ಟು ಮೊತ್ತದಲ್ಲಿ ಸೇರಿಹೋಗಿರುತ್ತದೆ. ವ್ಯಾಪಾರಿ ಆ ಮೊತ್ತದಿಂದ ಇದನ್ನು ಇಳಿಸಿ, ನಮ್ಮ ನಂಬರಿನ ಬಿಲ್ಲಾಗಿ ಬೇರೆ ತೋರಿಸಬೇಕು. ಅವನಿಗೆ ಇದು ಹೆಚ್ಚು ಕೆಲಸ. ಕೌಂಟರಿನಲ್ಲಿ ನಿಂತಾಗಲೇ ನಂಬರ್ ಹೇಳುವುದು ಇಬ್ಬರಿಗೂ ಸಲೀಸು. ಇನ್ನು 5 ಕೋಟಿಯೊಳಗಿನ ವ್ಯಾಪಾರಿ ಮೂರು ತಿಂಗಳಿಗೊಮ್ಮೆ ರಿಟರ್ನ್ ಸಲ್ಲಿಸುವವನಾಗಿರಬಹುದು. ಬಿಲ್ಲಿನ ನಂಬರ್ ಸರಿಯಿದ್ದೂ 2ಬಿಯಲ್ಲಿ ಕಾಣದಿದ್ದರೆ ಜಗಳಕ್ಕೆ ಮೊದಲು ಅದನ್ನು ವಿಚಾರಿಸಿ.

ವ್ಯಾಪಾರಿ ತಿದ್ದದೆ ದಿನ ತಳ್ಳಿದರೆ ಎಂಬ ಚಿಂತೆ ನಿಜವಾದದ್ದು, ಏಕೆಂದರೆ ಖರೀದಿದಾರ ತಾನಾಗಿ ಏನನ್ನೂ ತಿದ್ದಲಾರ. ಪೆನ್ನಿನಿಂದ ನಂಬರ್ ಬರೆದುಕೊಂಡರೆ ಅದಕ್ಕೆ ಬೆಲೆಯಿಲ್ಲ. ಹಾಗಾಗಿ ಬಾಕಿ ಹಣ ನಮ್ಮ ಕೈಯಲ್ಲಿರುವಾಗಲೇ ಕೇಳುವುದು ಒಳ್ಳೆಯದು. 2ಬಿಯಲ್ಲಿ ಬಿಲ್ ಕಂಡ ಮೇಲೆ ತೆರಿಗೆಯ ಭಾಗವನ್ನು ಕೊಡುತ್ತೇವೆ ಎಂದು ಖರೀದಿಗೆ ಮುಂಚೆಯೇ ಒಪ್ಪಿಕೊಂಡಿದ್ದರೆ ಮನಸ್ತಾಪಕ್ಕೆ ಎಡೆಯಿಲ್ಲ. ಆದರೆ ಹಾಗೆ ತಡೆಹಿಡಿದದ್ದನ್ನು ಮರೆಯಬಾರದು. ಬಿಲ್ಲಿನ ದಿನಾಂಕದಿಂದ 180 ದಿನದೊಳಗೆ ಹಣ ಸಂದಾಯವಾಗದಿದ್ದರೆ ಪಡೆದ ಕ್ರೆಡಿಟ್ಟನ್ನು ಬಡ್ಡಿ ಸಮೇತ ವಾಪಸ್ ಕಟ್ಟಬೇಕಾಗುತ್ತದೆ. 2025-26ರ ಈ ಬಿಲ್ಲಿಗೆ ಕೊನೆಯ ಗಡುವು 2026ರ ನವೆಂಬರ್ 30. ವಾರ್ಷಿಕ ರಿಟರ್ನ್ ಅದಕ್ಕೂ ಮೊದಲೇ ಸಲ್ಲಿಸಿದರೆ ಗಡುವು ಅಂದಿಗೇ ಮುಗಿಯುತ್ತದೆ. ಆದ್ದರಿಂದ ಖರೀದಿ ಪುಸ್ತಕವನ್ನು ಹನ್ನೆರಡು ತಿಂಗಳ 2ಬಿಯೊಂದಿಗೆ ತಾಳೆ ನೋಡಿ, ಬಿಟ್ಟುಹೋದ ಬಿಲ್ಲುಗಳೆಲ್ಲ ಬಂದ ಮೇಲೆಯೇ ವಾರ್ಷಿಕ ರಿಟರ್ನ್‌ಗೆ ಕೈಹಾಕಿ.